ಐದು ಕೋಟಿ ವಹಿವಾಟು, ಮಲಗಿದ ಬಂಡವಾಳ

ಸೆಪ್ಟೆಂಬರ್ ಬಂತೆಂದರೆ ಸಿರಿಗೆರೆ, ಭರಮಸಾಗರದ ಸುತ್ತಿನ ಊರುಗಳಲ್ಲಿ ಮೆಕ್ಕೆಜೋಳ ತೆನೆ ಬಲಿಯುವ ಹೊತ್ತು. ಕಂಪನಿಗಳ ವಾರ್ಷಿಕ ಸಭೆಯ ನೋಟಿಸುಗಳು ಮನೆಗೆ ಬರುವುದೂ ಆಗಲೇ. ರೈತ ಉತ್ಪಾದಕ ಕಂಪನಿಯೊಂದರಲ್ಲಿ ಸಾವಿರ ರೂಪಾಯಿಯ ಷೇರು ಇರುವವರಿಗೂ ಒಂದು ವರದಿ ಸಿಗುತ್ತದೆ, ಅದರ ಮೊದಲ ಪುಟದಲ್ಲಿ ಅಧ್ಯಕ್ಷರ ಪತ್ರ ಇರುತ್ತದೆ. ವಹಿವಾಟು ಇಷ್ಟು ಕೋಟಿ ದಾಟಿತು ಎಂಬುದು ಮೊದಲ ಸಾಲು. ಬಂಡವಾಳದ ಮೇಲಿನ ಪ್ರತಿಫಲ ತುಸು ಇಳಿದಿದೆ, ಭವಿಷ್ಯಕ್ಕಾಗಿ ಹೂಡಿಕೆ ಮಾಡಿದ್ದೇವೆ ಎಂಬ ಮಾತು ಮೂರನೆಯದೋ ನಾಲ್ಕನೆಯದೋ ಪ್ಯಾರಾದಲ್ಲಿ ಬರುತ್ತದೆ. ಸಭೆಯಲ್ಲಿ ಹಿಂದಿನ ಸಾಲಿನಿಂದ ಯಾರೋ ಒಬ್ಬರು ಎದ್ದು, "ಅಲ್ಲಪ್ಪಾ, ಯಾಪಾರ ಜಾಸ್ತಿ ಆಗೈತೆ ಅಂತೀರಿ, ನಮ್ಗೆ ಬರೋದು ಯಾಕೆ ಕಮ್ಮಿ ಆತು?" ಎಂದು ಕೇಳಿದರೆ, ವೇದಿಕೆಯ ಮೇಲಿದ್ದವರು ಗೋದಾಮಿನ ಕಡೆ ಕೈ ತೋರಿಸುತ್ತಾರೆ.

ಆ ಕೈ ತೋರಿಸುವುದರಲ್ಲಿ ಎಷ್ಟು ನಿಜ, ಎಷ್ಟು ನೆಪ ಎಂದು ಲೆಕ್ಕ ಹಾಕಬಹುದು. ಅದಕ್ಕೆ ಚಾರ್ಟರ್ಡ್ ಅಕೌಂಟೆಂಟ್ ಆಗಬೇಕಿಲ್ಲ.

ಲೆಕ್ಕದ ಮೂಲ ಸರಳ. ವ್ಯಾಪಾರದಲ್ಲಿ ತೊಡಗಿಸಿದ ಹಣ ಎರಡು ರೀತಿಯಲ್ಲಿ ಗಳಿಸುತ್ತದೆ: ಪ್ರತಿ ಸಲ ಕೊಂಡು ಮಾರಿದಾಗ ಎಷ್ಟು ಉಳಿಯಿತು, ಮತ್ತು ವರ್ಷದಲ್ಲಿ ಆ ಹಣ ಎಷ್ಟು ಸಲ ತಿರುಗಿತು. ಇವೆರಡರ ಗುಣಲಬ್ಧವೇ ಪ್ರತಿಫಲ. ಅಮೆರಿಕದ ಡುಪಾಂಟ್ ಕಂಪನಿಯಲ್ಲಿ 1910ರ ದಶಕದಲ್ಲಿ ಡೊನಾಲ್ಡ್‌ಸನ್ ಬ್ರೌನ್ ಎಂಬ ಅಧಿಕಾರಿ ಇದನ್ನು ಸೂತ್ರವಾಗಿ ಬರೆದ. ಮುಂದೆ ಅದು ಜನರಲ್ ಮೋಟರ್ಸ್‌ಗೆ ಹೋಯಿತು, ಇಂದಿಗೂ ಪಠ್ಯಪುಸ್ತಕಗಳಲ್ಲಿ ಡುಪಾಂಟ್ ಸೂತ್ರವೆಂದೇ ಇದೆ. ಭೀಮಸಮುದ್ರದ ಅಡಿಕೆ ವ್ಯಾಪಾರಿಗೆ ಈ ಸೂತ್ರ ಹೇಳಿಕೊಡಬೇಕಾಗಿಲ್ಲ. ಕಡಿಮೆ ಲಾಭಕ್ಕೆ ಬೇಗ ಮಾರುವವನೂ ಹೆಚ್ಚು ಲಾಭಕ್ಕೆ ಕಾದು ಕೂರುವವನೂ ಒಂದೇ ಬೀದಿಯಲ್ಲಿರುತ್ತಾರೆ, ಇಬ್ಬರಲ್ಲಿ ಯಾರು ಮೇಲೆ ಎಂಬುದು ವರ್ಷದ ಕೊನೆಗೆ ಗೊತ್ತಾಗುತ್ತದೆ. ಷೇರುದಾರರಿಗೆ ಬರುವ ಪತ್ರಗಳ ಮುಖ್ಯ ದೋಷವೆಂದರೆ, ಇಳಿಕೆ ಈ ಎರಡರಲ್ಲಿ ಯಾವುದರಿಂದ ಆಯಿತು ಎಂಬುದನ್ನು ಬಿಡಿಸಿ ಹೇಳದಿರುವುದು.

ಲೆಕ್ಕಕ್ಕೆಂದೇ ಒಂದು ಕಂಪನಿಯನ್ನು ಕಲ್ಪಿಸಿಕೊಳ್ಳೋಣ. ಸದಸ್ಯರಿಂದ ಮೆಕ್ಕೆಜೋಳ ಕೊಂಡು, ಒಣಗಿಸಿ, ಕೋಳಿ ಮೇವಿನ ಕಾರ್ಖಾನೆಗಳಿಗೆ ಮಾರುವ ಕಂಪನಿ. ಹೋದ ವರ್ಷ ಅದು ಕ್ವಿಂಟಲಿಗೆ 2,000 ರೂಪಾಯಿಯಂತೆ 20,000 ಕ್ವಿಂಟಲ್ ಮಾರಿತು. ವಹಿವಾಟು 4 ಕೋಟಿ, ಬಡ್ಡಿ ಮತ್ತು ತೆರಿಗೆಗೆ ಮುಂಚಿನ ಲಾಭ 16 ಲಕ್ಷ. ಷೇರು ಹಣ, ಕೂಡಿಟ್ಟ ನಿಧಿ, ಬ್ಯಾಂಕ್ ಸಾಲ ಎಲ್ಲ ಸೇರಿ ತೊಡಗಿಸಿದ ಬಂಡವಾಳ 80 ಲಕ್ಷ. ಮಾರಾಟದ ಮೇಲೆ ಲಾಭ ಶೇಕಡ 4, ಹಣ ತಿರುಗಿದ್ದು 5 ಸಲ, ಪ್ರತಿಫಲ ಶೇಕಡ 20.

ಈ ವರ್ಷ ಜೋಳದ ದರ 2,400ಕ್ಕೆ ಏರಿತು. ವಹಿವಾಟು 5 ಕೋಟಿ, ಲಾಭ ಹದಿನೇಳೂವರೆ ಲಕ್ಷ. ಆದರೆ ಬಂಡವಾಳ 1 ಕೋಟಿ 40 ಲಕ್ಷವಾಗಿದೆ. ಗೋದಾಮಿಗೆ 35 ಲಕ್ಷ, ಹೆಚ್ಚಿದ ದಾಸ್ತಾನಿಗೆ 15 ಲಕ್ಷ, ಹೆಚ್ಚಿದ ಬಾಕಿಗೆ 10 ಲಕ್ಷ ಹೋಗಿದೆ. ಮಾರಾಟದ ಮೇಲಿನ ಲಾಭ ಶೇಕಡ ಮೂರೂವರೆಗೆ ಇಳಿದಿದೆ, ಹಣ ತಿರುಗಿದ್ದು ಮೂರೂವರೆ ಸಲಕ್ಕಿಂತ ಸ್ವಲ್ಪ ಹೆಚ್ಚು. ಪ್ರತಿಫಲ ಶೇಕಡ ಹನ್ನೆರಡೂವರೆ. ವಹಿವಾಟು ಕಾಲು ಪಾಲು ಏರಿದ ವರ್ಷದಲ್ಲೇ ಪ್ರತಿಫಲ ಏಳೂವರೆ ಅಂಶ ಬಿದ್ದಿದೆ.

ಈಗ ಇಳಿಕೆಯನ್ನು ಬಿಡಿಸೋಣ. ಹಣ ಹೋದ ವರ್ಷದಂತೆಯೇ 5 ಸಲ ತಿರುಗಿ, ಲಾಭದ ಪ್ರಮಾಣ ಮಾತ್ರ ಮೂರೂವರೆಗೆ ಇಳಿದಿದ್ದರೆ ಪ್ರತಿಫಲ ಹದಿನೇಳೂವರೆ ಆಗುತ್ತಿತ್ತು. ಅಂದರೆ ಏಳೂವರೆ ಅಂಶದಲ್ಲಿ ಎರಡೂವರೆ ಲಾಭದ ಪ್ರಮಾಣದಿಂದ ಹೋಯಿತು, ಉಳಿದ ಐದು ಹಣ ತಿರುಗದೆ ಹೋಯಿತು.

ಆ ಎರಡೂವರೆಯಲ್ಲೂ ಒಂದು ಕಣ್ಕಟ್ಟು ಇದೆ. ಹೋದ ವರ್ಷ ಕ್ವಿಂಟಲಿಗೆ ಉಳಿದದ್ದು 80 ರೂಪಾಯಿ. ಈ ವರ್ಷ 5 ಕೋಟಿಯನ್ನು 2,400ರಿಂದ ಭಾಗಿಸಿದರೆ ಮಾರಿದ್ದು ಸುಮಾರು 20,800 ಕ್ವಿಂಟಲ್, ಕ್ವಿಂಟಲಿಗೆ ಉಳಿದದ್ದು 84 ರೂಪಾಯಿ. ಚೀಲದ ಲೆಕ್ಕದಲ್ಲಿ ಕಂಪನಿ ಚೆನ್ನಾಗಿಯೇ ದುಡಿದಿದೆ. ದರ ಏರಿದ್ದರಿಂದ ಶೇಕಡಾವಾರು ಲೆಕ್ಕ ತೆಳ್ಳಗಾಗಿ ಕಂಡಿದೆ, ಅಷ್ಟೇ. ದರ ಏರಿದ ವರ್ಷ ಲಾಭದ ಪ್ರಮಾಣ ಕುಸಿಯಿತು ಎಂದು ಗಾಬರಿಯಾಗುವುದು ಎಷ್ಟು ತಪ್ಪೋ, ವಹಿವಾಟು ಕಾಲು ಪಾಲು ಬೆಳೆಯಿತು ಎಂದು ಹಿಗ್ಗುವುದೂ ಅಷ್ಟೇ ತಪ್ಪು. ನಿಜವಾಗಿ ಹೆಚ್ಚಾದ ಜೋಳ ನೂರಕ್ಕೆ ನಾಲ್ಕು ಚೀಲ. ಮಿಕ್ಕಿದ್ದೆಲ್ಲ ದರದ ಉಬ್ಬರ. ಮಂಡಿಯಲ್ಲಿ ಶೇಕಡಾ ಲೆಕ್ಕ ಹೇಳುವವರು ಕಡಿಮೆ, ಕ್ವಿಂಟಲಿಗೆ ಎಷ್ಟು ಉಳಿಯಿತು ಎಂದೇ ಕೇಳುತ್ತಾರೆ. ಈ ಸರಕಿನ ಮಟ್ಟಿಗೆ ಆ ಪದ್ಧತಿಯೇ ಸರಿ ಎಂದು ನನಗನ್ನಿಸುತ್ತದೆ. ಅಧ್ಯಕ್ಷರ ಪತ್ರದಲ್ಲಿ ಕೋಟಿಯ ಪಕ್ಕ ಕ್ವಿಂಟಲ್ ಇಲ್ಲದಿದ್ದರೆ ಮೊದಲು ಅದನ್ನು ಕೇಳಬೇಕು.

ಹಾಗಾದರೆ ತಕರಾರಿರುವುದು ಬಂಡವಾಳದಲ್ಲಿ. ಇಲ್ಲಿ ಗೋದಾಮಿನ ನೆಪವನ್ನು ತೂಗಿ ನೋಡಬೇಕು. ಗೋದಾಮು ಜನವರಿಯಲ್ಲಿ ಮುಗಿಯಿತು ಎಂದಿಟ್ಟುಕೊಳ್ಳೋಣ. ಮಾರ್ಚ್ 31ಕ್ಕೆ ಮೂರೇ ತಿಂಗಳು. ಅದರಿಂದ ಲಾಭವೇನೂ ಬಂದಿರಲಿಕ್ಕಿಲ್ಲ, 35 ಲಕ್ಷ ಮಾತ್ರ ಪೂರ್ತಿಯಾಗಿ ಲೆಕ್ಕಕ್ಕೆ ಬಂದು ಕೂತಿದೆ. ಇದು ನ್ಯಾಯವಾದ ಕಾರಣವೇ. ಆದರೆ ಗೋದಾಮನ್ನು ಪೂರ್ತಿ ಬದಿಗಿಟ್ಟು ನೋಡಿದರೂ ಹದಿನೇಳೂವರೆ ಲಕ್ಷ ಲಾಭ 1 ಕೋಟಿ 5 ಲಕ್ಷದ ಮೇಲೆ ಬಂದಂತಾಗುತ್ತದೆ, ಪ್ರತಿಫಲ ಹದಿನಾರೂ ಮುಕ್ಕಾಲಿನ ಹತ್ತಿರ. ಇಪ್ಪತ್ತಕ್ಕೆ ಬರುವುದಿಲ್ಲ. ಅಂದರೆ ಗೋದಾಮು ವಿವರಿಸುವುದು ಇಳಿಕೆಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚನ್ನು. ಉಳಿದದ್ದು ದಾಸ್ತಾನು ಮತ್ತು ಬಾಕಿಯಲ್ಲಿದೆ, ಪತ್ರದಲ್ಲಿ ಅವುಗಳ ಹೆಸರೇ ಇರುವುದಿಲ್ಲ.

ಬಾಕಿ ನೋಡಿ. ಹೋದ ವರ್ಷ ಖರೀದಿದಾರರಿಂದ ಬರಬೇಕಾದದ್ದು 12 ಲಕ್ಷ, 11 ದಿನದ ಮಾರಾಟಕ್ಕೆ ಸಮ. ಈ ವರ್ಷ 22 ಲಕ್ಷ, 16 ದಿನದ ಮಾರಾಟ. ಐದು ದಿನ ಎಂದರೆ ಏನು ಮಹಾ ಎನ್ನಬಹುದು. ಆದರೆ ಸರಾಸರಿ ಐದು ದಿನ ಏರಬೇಕಾದರೆ ಎಲ್ಲರೂ ಐದು ದಿನ ತಡ ಮಾಡಿರಬೇಕಿಲ್ಲ, ಒಬ್ಬಿಬ್ಬರು ಆರು ತಿಂಗಳಿನಿಂದ ಕೊಡದೆ ಕೂತಿದ್ದರೆ ಸಾಕು. ಅದು ತಡವೋ ಮುಳುಗಿದ ಹಣವೋ ಎಂಬುದು ಬೇರೆಯೇ ಪ್ರಶ್ನೆ. ದಾಸ್ತಾನೂ ಅಷ್ಟೆ. 20 ಲಕ್ಷದ್ದು 35 ಲಕ್ಷವಾಗಿದೆ. ಹೋದ ವರ್ಷದ ಸಾವಿರ ಕ್ವಿಂಟಲನ್ನೇ ಇಟ್ಟಿದ್ದರೂ ದರದಿಂದಾಗಿ ಹೆಚ್ಚುಕಡಿಮೆ 4 ಲಕ್ಷ ಏರುತ್ತಿತ್ತು, ಅದಕ್ಕೆ ಯಾರನ್ನೂ ದೂರುವಂತಿಲ್ಲ. ಮಿಕ್ಕ 11 ಲಕ್ಷ ಎಂದರೆ ಸುಮಾರು 450 ಕ್ವಿಂಟಲ್ ಹೆಚ್ಚು ಜೋಳ. ಮಾರಾಟ ನೂರಕ್ಕೆ ನಾಲ್ಕು ಹೆಚ್ಚಾದಾಗ ದಾಸ್ತಾನು ನೂರಕ್ಕೆ ನಲವತ್ತೈದು ಹೆಚ್ಚಿದೆ. ದರ ಇನ್ನೂ ಏರಲೆಂದು ಯಾರೋ ತಡೆದಿದ್ದಾರೆ. ಆ ತೀರ್ಮಾನ ಸರಿಯಿರಬಹುದು, ತಪ್ಪಿರಬಹುದು. ಅದನ್ನು 'ಭವಿಷ್ಯದ ಹೂಡಿಕೆ'ಯ ಚೀಲದಲ್ಲಿ ತುಂಬುವುದು ಮಾತ್ರ ಸರಿಯಲ್ಲ.

ಕಾನೂನು ಈಗ ಇಷ್ಟನ್ನೆಲ್ಲ ಕೇಳುತ್ತದೆ. ಕಂಪನಿ ಕಾಯ್ದೆಯ ಮೂರನೆಯ ಅನುಸೂಚಿಗೆ 2021ರ ಮಾರ್ಚ್ 24ರಂದು ಆದ ತಿದ್ದುಪಡಿಯಂತೆ, ತೊಡಗಿಸಿದ ಬಂಡವಾಳದ ಮೇಲಿನ ಪ್ರತಿಫಲವೂ ಸೇರಿದಂತೆ ಹನ್ನೊಂದು ಅನುಪಾತಗಳನ್ನು ಲೆಕ್ಕಪತ್ರದ ಟಿಪ್ಪಣಿಯಲ್ಲಿ ಕೊಡಬೇಕು. ಯಾವುದಾದರೂ ಹಿಂದಿನ ವರ್ಷಕ್ಕಿಂತ ಶೇಕಡ 25ಕ್ಕೂ ಹೆಚ್ಚು ಬದಲಾಗಿದ್ದರೆ ಕಾರಣ ಬರೆಯಬೇಕು. ಇಪ್ಪತ್ತು ಹನ್ನೆರಡೂವರೆ ಆದದ್ದು ಶೇಕಡ 37ಕ್ಕೂ ಹೆಚ್ಚಿನ ಇಳಿಕೆ, ಹಾಗಾಗಿ ನಮ್ಮ ಕಲ್ಪನೆಯ ಕಂಪನಿ ಕಾರಣ ಬರೆಯಲೇಬೇಕು. ಇಪ್ಪತ್ತು ಹದಿನಾರಾಗಿದ್ದರೆ ಬರೆಯಬೇಕಿರಲಿಲ್ಲ. ವರ್ಷಕ್ಕಿಷ್ಟರಂತೆ ಮೆಲ್ಲಗೆ ಸೋರುವ ಕಂಪನಿ ಈ ಜರಡಿಯಲ್ಲಿ ಸಿಗುವುದಿಲ್ಲ ಎಂಬುದು ಇದರ ಮಿತಿ. ಆದರೆ ಅದೇ ತಿದ್ದುಪಡಿ ಇನ್ನೊಂದು ಉಪಕಾರ ಮಾಡಿದೆ: ಬಾಕಿಯನ್ನು ವಯಸ್ಸಿನ ಪ್ರಕಾರ ಪಟ್ಟಿ ಮಾಡಿ ತೋರಿಸಬೇಕು. ಆರು ತಿಂಗಳೊಳಗಿನದು, ಆರು ತಿಂಗಳಿಂದ ಒಂದು ವರ್ಷದ್ದು, ಹೀಗೆ ಮೂರು ವರ್ಷ ಮೀರಿದವರೆಗೆ. ಅಧ್ಯಕ್ಷರ ಪತ್ರ ಓದಿದ ಮೇಲೆ ನೇರವಾಗಿ ಆ ಪಟ್ಟಿಗೆ ಹೋಗುವುದು ನನ್ನ ಅಭ್ಯಾಸ. ಪತ್ರದ ಧ್ವನಿ ನಿಜವೋ ಅಲ್ಲವೋ ಅಲ್ಲೇ ತಿಳಿಯುತ್ತದೆ.

ಹಿಂದಿನ ಸಾಲಿನವರು ಕೇಳಿದ ಪ್ರಶ್ನೆಗೂ ಉತ್ತರ ಸಿಕ್ಕಿತು. ಹೆಚ್ಚುವರಿ 60 ಲಕ್ಷದಲ್ಲಿ 40 ಲಕ್ಷ ಬ್ಯಾಂಕಿನಿಂದ ಶೇಕಡ 11ರ ಬಡ್ಡಿಗೆ ಬಂದಿದ್ದರೆ, ವರ್ಷದ ಬಡ್ಡಿ 4 ಲಕ್ಷ 40 ಸಾವಿರ. ಲಾಭ ಹೆಚ್ಚಿದ್ದು ಒಂದೂವರೆ ಲಕ್ಷ. ಸದಸ್ಯರಿಗೆ ಉಳಿಯಬೇಕಾದದ್ದರಲ್ಲಿ ಸುಮಾರು 3 ಲಕ್ಷ ಬ್ಯಾಂಕಿಗೆ ಹೋಯಿತು. ವ್ಯಾಪಾರ ಜಾಸ್ತಿ, ಕೈಗೆ ಬಂದದ್ದು ಕಮ್ಮಿ.

ಇನ್ನು ಗೋದಾಮು ಮುಂದೆ ಏನು ತಂದೀತು? ಪತ್ರಗಳು ಇಲ್ಲಿ ಸಾಮಾನ್ಯವಾಗಿ ಬಾಯಿ ಮುಚ್ಚುತ್ತವೆ. 500 ಟನ್ ಹಿಡಿಯುವ ಗೋದಾಮು, ಅಂದರೆ 5,000 ಕ್ವಿಂಟಲ್. ತಿಂಗಳಿಗೆ ಕ್ವಿಂಟಲಿಗೆ 10 ರೂಪಾಯಿ ಬಾಡಿಗೆ ಹಿಡಿಯೋಣ. ಆರು ತಿಂಗಳು ತುಂಬಿದ್ದು ಮಿಕ್ಕ ಆರು ತಿಂಗಳು ಅರ್ಧ ಇದ್ದರೆ ವರ್ಷಕ್ಕೆ ನಾಲ್ಕೂವರೆ ಲಕ್ಷ. ಅದರಲ್ಲಿ ಕಟ್ಟಡದ ಸವಕಳಿ, ಕಾವಲುಗಾರನ ಸಂಬಳ, ವಿಮೆ, ಹುಳದ ಔಷಧಿ ಎಂದು ಎರಡೂವರೆ ಲಕ್ಷ ಕಳೆದರೆ ಉಳಿಯುವುದು ಎರಡು ಲಕ್ಷ. 35 ಲಕ್ಷದ ಮೇಲೆ ಶೇಕಡ ಆರೂ ಆಗಲಿಲ್ಲ. ಬ್ಯಾಂಕಿನ ಬಡ್ಡಿಗೂ ಸಾಲದು. ಬರೀ ಬಾಡಿಗೆಗೆ ಗೋದಾಮು ಕಟ್ಟುವುದು ನಷ್ಟದ ಬಾಬ್ತು.

ಸ್ವಂತ ಜೋಳ ತುಂಬಿ, ಸುಗ್ಗಿ ಕಳೆದು ದರ ಏರಿದ ಮೇಲೆ ಮಾರಿದರೆ? ಆಗ ಜೋಳದ ತೇವ ಲೆಕ್ಕಕ್ಕೆ ಬರುತ್ತದೆ. ನವೆಂಬರಿನಲ್ಲಿ ಕಣದಿಂದ ಬಂದ ಕಾಳನ್ನು ತೇವಮಾಪಕದ ಬಟ್ಟಲಿಗೆ ಸುರಿದಾಗ 18 ತೋರಿಸಿತು ಎನ್ನಿ. ಇಟ್ಟರೆ ಬೂಷ್ಟು ಹಿಡಿಯದಿರಬೇಕಾದರೆ 14ಕ್ಕಾದರೂ ಇಳಿಸಬೇಕು. 18ರಲ್ಲಿ 100 ಕಿಲೋ ಇದ್ದ ಜೋಳ 14ಕ್ಕೆ ಬರುವಾಗ 95 ಕಿಲೋ ಮತ್ತು ಚೂರು ಆಗುತ್ತದೆ. ಕಾಳೊಳಗಿನ ನೀರು ಆರಿಹೋಗಿದೆ, ಕದ್ದವರು ಯಾರೂ ಇಲ್ಲ. 2,400ರ ದರದಲ್ಲಿ ಇದು ಕ್ವಿಂಟಲಿಗೆ 110 ರೂಪಾಯಿಗೂ ಮೇಲೆ. ನಾಲ್ಕು ತಿಂಗಳ ಬಡ್ಡಿ 88. ಕೊಳ್ಳುವಾಗಲೇ ತೇವಕ್ಕೆ ತಕ್ಕ ದರ ಕಡಿತ ಮಾಡಿರದಿದ್ದರೆ, ಮಾರ್ಚ್‌ನಲ್ಲಿ ದರ ಸುಮಾರು 210 ರೂಪಾಯಿ ಏರಿದ ಮೇಲಷ್ಟೇ ಕಂಪನಿ ಕೊಂಡ ಜಾಗಕ್ಕೆ ಮರಳಿ ಬರುತ್ತದೆ, ಗೋದಾಮಿನ ಖರ್ಚು ಆಮೇಲಿನದು. ಕಡಿತ ಮಾಡಿದ್ದರೆ ಲೆಕ್ಕ ಸುಧಾರಿಸುತ್ತದೆ, ಆದರೆ ಆ ಕಡಿತ ಬೀಳುವುದು ಸದಸ್ಯನ ಚೀಲದ ಮೇಲೆಯೇ. ಗೋದಾಮು ಬೇಡ ಎಂದು ನಾನು ಹೇಳುತ್ತಿಲ್ಲ. ಮಳೆಗೆ ಸಿಕ್ಕ ಜೋಳ ರಸ್ತೆ ಬದಿಯಲ್ಲಿ ಮೊಳೆತದ್ದನ್ನು ಕಂಡವರು ಹಾಗೆ ಹೇಳಲಾರರು. ಆದರೆ ಅದು ಬಂದ ಮೇಲೆ ಶೇಕಡ 20ರ ಪ್ರತಿಫಲ ಮತ್ತೆ ಬರುವುದು ಕಷ್ಟ, ಮುಂದಿನ ಮಟ್ಟ ಹದಿನಾಲ್ಕೋ ಹದಿನೈದೋ ಎಂದು ಹೇಳುವ ಪತ್ರ ಬೇಕು. 'ಸದ್ಯದಲ್ಲೇ ಸುಧಾರಿಸಲಿದೆ' ಎಂಬ ಮಾತು ಅಗ್ಗ.

ಇದೇ ಲೆಕ್ಕ ಬೇರೆ ಕಡೆ ಬೇರೆ ಉತ್ತರ ಕೊಡುತ್ತದೆ. ಕರ್ನಾಟಕದಲ್ಲೇ ಹೆಚ್ಚು ಜನ ಕಂಡ ಉದಾಹರಣೆ ಇನ್ಫೋಸಿಸ್‌ನ 2002-03ನೇ ವರ್ಷ. ವರಮಾನ ಸುಮಾರು 2,604 ಕೋಟಿಯಿಂದ 3,623 ಕೋಟಿಗೆ ಏರಿತು, ಶೇಕಡ 39ರ ಏರಿಕೆ. ಲಾಭ 808 ಕೋಟಿಯಿಂದ 958 ಕೋಟಿಗೆ. ಷೇರುದಾರರ ಸರಾಸರಿ ಹಣದ ಮೇಲಿನ ಪ್ರತಿಫಲ ಮಾತ್ರ ಶೇಕಡ 47ರ ಹತ್ತಿರದಿಂದ 39ಕ್ಕೆ ಇಳಿಯಿತು. ಬಿಡಿಸಿ ನೋಡಿದರೆ ಹಣ ತಿರುಗುವ ವೇಗ ಹೆಚ್ಚುಕಡಿಮೆ ಹಾಗೆಯೇ ಇದೆ, ಒಂದೂವರೆ ಸಲ. ವರಮಾನದ ಮೇಲಿನ ಲಾಭ ಶೇಕಡ 31ರಿಂದ 26ಕ್ಕೆ ಇಳಿದಿದೆ. ಎಂಟು ಅಂಶದ ಇಳಿಕೆಯಲ್ಲಿ ಏಳು ಇಲ್ಲಿಂದಲೇ. ಅಮೆರಿಕದ ಗ್ರಾಹಕರು ದರ ಹಿಂಡುತ್ತಿದ್ದ, ಹೊಸ ಕೆಲಸ ಹಿಡಿಯಲು ಮಾರಾಟದ ಖರ್ಚು ಏರುತ್ತಿದ್ದ ಕಾಲವದು. ನಮ್ಮ ಜೋಳದ ಕಂಪನಿಗೆ ಕ್ವಿಂಟಲಿಗೆ ಉಳಿಯುವುದು ಇಳಿದಿರಲಿಲ್ಲ, ಹಣ ಮಲಗಿತ್ತು. ಅಲ್ಲಿ ಹಣ ತಿರುಗುತ್ತಿತ್ತು, ಉಳಿಯುವುದು ಇಳಿದಿತ್ತು. ಹೊರಗಿನಿಂದ ಎರಡೂ ಒಂದೇ ಥರ: ಮಾರಾಟ ಮೇಲೆ, ಪ್ರತಿಫಲ ಕೆಳಗೆ.

ಇನ್ಫೋಸಿಸ್‌ಗೆ ಇನ್ನೊಂದು ತೊಡಕೂ ಇತ್ತು. ಸಾಲವಿಲ್ಲದ ಆ ಕಂಪನಿಯಲ್ಲಿ ಷೇರುದಾರರ ಹಣದ ಅರ್ಧಕ್ಕೂ ಹೆಚ್ಚು ಪಾಲು ನಗದು ಮತ್ತು ಠೇವಣಿಯಾಗಿ ಕೂತಿತ್ತು. ಬ್ಯಾಂಕ್ ಬಡ್ಡಿ ಗಳಿಸುವ ಹಣವನ್ನು ಸಾಫ್ಟ್‌ವೇರ್ ಗಳಿಸುವ ಹಣದ ಜೊತೆ ಕಲಸಿದರೆ ಸರಾಸರಿ ತಾನಾಗಿ ಇಳಿಯುತ್ತದೆ. ಅದಕ್ಕೆ ಮದ್ದು ಹಣವನ್ನು ವಾಪಸ್ ಕೊಡುವುದು. ಆ ಕಂಪನಿ 2017ರಲ್ಲಿ ಒಂದಕ್ಕೆ 1,150 ರೂಪಾಯಿಯಂತೆ 13,000 ಕೋಟಿ ರೂಪಾಯಿಯ ಷೇರುಗಳನ್ನು ಮರಳಿ ಕೊಂಡಿತು. ಬರ್ಕ್‌ಷೈರ್ ಹ್ಯಾಥವೇಯ ವಾರನ್ ಬಫೆಟ್ 1977ನೇ ವರ್ಷದ ಪತ್ರದಲ್ಲೇ ಈ ಮಾತಿನ ಬುಡ ಹಿಡಿದಿದ್ದ: ಗಳಿಕೆ ಪ್ರತಿ ವರ್ಷ ಏರುವುದು ದೊಡ್ಡ ವಿಷಯವಲ್ಲ, ಮುಟ್ಟದೆ ಬಿಟ್ಟ ಉಳಿತಾಯ ಖಾತೆಯಲ್ಲೂ ಬಡ್ಡಿ ಏರುತ್ತಲೇ ಹೋಗುತ್ತದೆ ಎಂಬ ಅರ್ಥದ ಮಾತು ಅಲ್ಲಿದೆ.

2003ರ ಏಪ್ರಿಲ್ 10ರಂದು ಇನ್ಫೋಸಿಸ್ ಮುಂದಿನ ವರ್ಷದ ಅಂದಾಜು ಹೇಳಿದಾಗ ಷೇರಿನ ಬೆಲೆ ಒಂದೇ ದಿನದಲ್ಲಿ ಕಾಲು ಭಾಗದಷ್ಟು ಬಿತ್ತು. ರೈತ ಉತ್ಪಾದಕ ಕಂಪನಿಯಲ್ಲಿ ಇಂಥ ಗಂಟೆ ಬಾರಿಸುವವರು ಯಾರೂ ಇಲ್ಲ. ವೈ. ಕೆ. ಅಲಘ್ ಸಮಿತಿಯ ಸಲಹೆಯಂತೆ 2002ರ ತಿದ್ದುಪಡಿಯಲ್ಲಿ ಹುಟ್ಟಿದ ಈ ಬಗೆಯ ಕಂಪನಿಯ ಷೇರು ಪೇಟೆಯಲ್ಲಿ ಮಾರುವಂಥದ್ದಲ್ಲ. ಮತ್ತೊಬ್ಬ ಸಕ್ರಿಯ ಸದಸ್ಯನಿಗೆ, ಆಡಳಿತ ಮಂಡಳಿಯ ಒಪ್ಪಿಗೆಯ ಮೇಲೆ, ಮುಖಬೆಲೆಗೆ ಮಾತ್ರ ಕೊಡಬಹುದು. ಪ್ರತಿಫಲ ಇಪ್ಪತ್ತಿರಲಿ ಐದಿರಲಿ, ಸಾವಿರದ ಷೇರು ಸಾವಿರವೇ. ಹಾಗಾಗಿ ಇಲ್ಲಿ ಪತ್ರದ ಮೇಲೆ ಬೀಳುವ ಭಾರ ಬೆಂಗಳೂರಿನ ದೊಡ್ಡ ಕಂಪನಿಯ ಪತ್ರಕ್ಕಿಂತ ಹೆಚ್ಚು.

ಇಂಥ ಕಂಪನಿಯಲ್ಲಿ ಕಡಿಮೆ ಪ್ರತಿಫಲ ಯಾವಾಗಲೂ ಕೆಟ್ಟದ್ದೇ ಎಂದೂ ಅಲ್ಲ. ಮಂಡಿಗಿಂತ ಕ್ವಿಂಟಲಿಗೆ 15 ರೂಪಾಯಿ ಹೆಚ್ಚು ಕೊಟ್ಟು ಸದಸ್ಯರ ಜೋಳ ಕೊಂಡಿದ್ದರೆ, 20,800 ಕ್ವಿಂಟಲಿಗೆ 3 ಲಕ್ಷಕ್ಕೂ ಮೇಲೆ ಆಗಲೇ ಸದಸ್ಯರ ಜೇಬಿಗೆ ಹೋಗಿದೆ. ಲಾಭದಲ್ಲಿ ಕಾಣದ ಆ ಹಣವನ್ನು ಪತ್ರ ಎತ್ತಿ ತೋರಿಸಬೇಕು, ಆದರೆ ಮಂಡಿ ದರ ಯಾವ ದಿನದ್ದು, ಯಾವ ತೇವಕ್ಕೆ ಎಂಬುದರ ಸಮೇತ. ಇದಕ್ಕೆ ವಿರುದ್ಧವಾದ ಆಟವೂ ಉಂಟು. ಗೋದಾಮಿಗೆ ಸರ್ಕಾರದ ಅನುದಾನ ಬಂದಾಗ ಅದನ್ನು ಕಟ್ಟಡದ ಬೆಲೆಯಿಂದ ಕಳೆದು ತೋರಿಸಿದರೆ ಬಂಡವಾಳ ಚಿಕ್ಕದಾಗಿ ಪ್ರತಿಫಲ ದೊಡ್ಡದಾಗುತ್ತದೆ, ಬಂಡವಾಳ ನಿಧಿಯಾಗಿ ತೋರಿಸಿದರೆ ಇಳಿಯುತ್ತದೆ. ಗೋಡೆ ಅದೇ, ಜೋಳವೂ ಅದೇ. ಮಾರ್ಚ್ 31ರ ಒಂದು ದಿನದ ಲೆಕ್ಕಕ್ಕೂ ಇದೇ ಮಾತು. ಸುಗ್ಗಿಯಲ್ಲಿ ತುಂಬಿದ್ದ ದಾಸ್ತಾನು ಮಾರ್ಚ್‌ಗೆ ಖಾಲಿಯಾಗುವ ವ್ಯಾಪಾರದಲ್ಲಿ ಆ ದಿನದ ಬಂಡವಾಳ ವರ್ಷವಿಡೀ ದುಡಿದ ಬಂಡವಾಳಕ್ಕಿಂತ ಕಡಿಮೆ ಕಾಣುತ್ತದೆ. ಹನ್ನೆರಡು ತಿಂಗಳ ಸರಾಸರಿ ಕೊಡಿ ಎಂದು ಕೇಳುವುದು ಸದಸ್ಯರ ಹಕ್ಕು ಎಂದೇ ನನ್ನ ವಾದ.

ನಮ್ಮ ಕಲ್ಪನೆಯ ಕಂಪನಿಯ ಅಧ್ಯಕ್ಷರ ಪತ್ರವನ್ನು ಬರೆಯುವ ಕೆಲಸ ನನಗೆ ಬಂದಿದ್ದರೆ ಹೀಗೆ ಬರೆಯುತ್ತಿದ್ದೆ:

"ಸದಸ್ಯ ಬಂಧುಗಳೆ, ನಮ್ಮ ವಹಿವಾಟು 5 ಕೋಟಿ ಆಗಿದೆ. ಅದರಲ್ಲಿ ಹೆಚ್ಚಿನ ಪಾಲು ದರದ ಏರಿಕೆ, ಚೀಲ ಹೆಚ್ಚಿದ್ದು ನೂರಕ್ಕೆ ನಾಲ್ಕು. ಬಂಡವಾಳದ ಮೇಲಿನ ಪ್ರತಿಫಲ 20ರಿಂದ ಹನ್ನೆರಡೂವರೆಗೆ ಇಳಿದಿದೆ. ಅರ್ಧಕ್ಕಿಂತ ತುಸು ಹೆಚ್ಚು ಇಳಿಕೆ ಗೋದಾಮಿನಿಂದ. ಅದು ಜನವರಿಯಲ್ಲಿ ಮುಗಿದಿದೆ, ಪೂರ್ತಿ ವರ್ಷ ನಡೆದರೂ ಹಳೆಯ ಪ್ರತಿಫಲ ತರಲಾರದು. ಉಳಿದ ಇಳಿಕೆಗೆ ನಾವೇ ಕಾರಣ. ದರ ಏರುತ್ತದೆಂದು 450 ಕ್ವಿಂಟಲ್ ಹೆಚ್ಚು ಇಟ್ಟೆವು, ಜೂನ್‌ನಲ್ಲಿ ಕ್ವಿಂಟಲಿಗೆ 60 ರೂಪಾಯಿ ಕಡಿಮೆಗೆ ಮಾರಿದೆವು. ಇಬ್ಬರು ಖರೀದಿದಾರರಿಂದ 10 ಲಕ್ಷ ಬರಬೇಕಿದೆ, ಒಬ್ಬರದು ಏಳು ತಿಂಗಳ ಹಳೆಯ ಬಾಕಿ. ಅದು ಬರುವ ತನಕ ಅವರಿಗೆ ಒಂದು ಲೋಡೂ ಕಳಿಸುವುದಿಲ್ಲ. ಈ ಸುಗ್ಗಿಯಿಂದ 14ಕ್ಕಿಂತ ಹೆಚ್ಚು ತೇವದ ಜೋಳ ಗೋದಾಮಿಗೆ ಹೋಗುವುದಿಲ್ಲ. ತೇವಮಾಪಕವನ್ನು ಬಾಗಿಲಲ್ಲೇ ಇಟ್ಟಿದ್ದೇವೆ, ನಿಮ್ಮ ಚೀಲ ಅಳೆಯುವಾಗ ನೀವೇ ನೋಡಬಹುದು."